300 ಕ್ವಿಂಟಲ್ ನೆಲ್ಲಿನಲ್ಲಿ 15 ಕ್ವಿಂಟಲ್ ಅಕ್ಕಿ ಎಲ್ಲಿ ಹೋಯಿತು?

ತುಂಗಭದ್ರಾ ಕಾಲುವೆ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತಕ್ಕೆ ನೆಲ್ಲು ಎನ್ನುವುದೇ ರೂಢಿ. ಅಲ್ಲಿ ನೆಲ್ಲಿನ ವ್ಯಾಪಾರ 75 ಕೆ.ಜಿ. ಚೀಲದ ಮೇಲೆ ನಡೆಯುತ್ತದೆ. ಸುಗ್ಗಿ ಬಂತೆಂದರೆ ಮಿಲ್ಲುಗಳ ಮುಂದೆ ಲಾರಿ, ಟ್ರ್ಯಾಕ್ಟರ್‌ಗಳ ಸಾಲು. ಒಳಗೆ ಹೋದ ನೆಲ್ಲು ಹೊರಗೆ ಬರುವಾಗ ನಾಲ್ಕು ಪಾಲಾಗಿರುತ್ತದೆ: ಅಕ್ಕಿ, ನುಚ್ಚು, ತೌಡು, ಹೊಟ್ಟು. ಈ ನಾಲ್ಕರಲ್ಲಿ ಯಾವುದು ಎಷ್ಟು ಬಂತು ಎಂಬುದರ ಮೇಲೆಯೇ ಮಿಲ್ಲಿನ ಬದುಕು ನಿಂತಿದೆ. ನೆಲ್ಲಿನ ದರ ಮಾರುಕಟ್ಟೆಯ ಕೈಯಲ್ಲಿದೆ, ಅಕ್ಕಿಯ ದರವೂ ಮಾರುಕಟ್ಟೆಯ ಕೈಯಲ್ಲಿದೆ. ನಡುವೆ ಮಿಲ್ಲಿನವರ ಕೈಯಲ್ಲಿ ಉಳಿಯುವುದು ಈ ಪಾಲು ಮಾತ್ರ.

ಇಷ್ಟು ನೆಲ್ಲಿಗೆ ಇಷ್ಟು ಅಕ್ಕಿ ಬರಬೇಕು ಎಂದು ಮೊದಲೇ ಹಾಕಿಕೊಂಡ ಅಂದಾಜಿಗೂ ನಿಜವಾಗಿ ಬಂದದ್ದಕ್ಕೂ ಇರುವ ಅಂತರವನ್ನು ಲೆಕ್ಕಿಗರು ಇಳುವರಿ ವ್ಯತ್ಯಾಸ ಎನ್ನುತ್ತಾರೆ. ಕೇಳಲು ಸರಳ. ಆದರೆ ಮಿಲ್ಲಿನಲ್ಲಿ ಕುಳಿತು ಅದರ ಕಾರಣ ಹುಡುಕಲು ಹೊರಟರೆ ಜಗಳ ಶುರುವಾಗುತ್ತದೆ. ಮಿಲ್ ಆಪರೇಟರ್ ನೆಲ್ಲಿನ ಕಡೆ ಬೆರಳು ಮಾಡುತ್ತಾನೆ: "ನೆಲ್ಲೇ ಹಂಗೈತ್ರಿ ಸಾಹುಕಾರ್ರೆ, ಮಷೀನ್ ಏನು ಮಾಡ್ತದ?" ನೆಲ್ಲು ಖರೀದಿ ಮಾಡಿದವನು ಮಷೀನಿನ ಕಡೆ ಬೆರಳು ಮಾಡುತ್ತಾನೆ. ಗುಮಾಸ್ತನಿಗೆ ತೂಕದ ಮೇಲೆ ಅನುಮಾನ, ಮಾಲೀಕರಿಗೆ ಎಲ್ಲರ ಮೇಲೂ ಅನುಮಾನ. ಈ ಜಗಳವನ್ನು ಅಂಕಿಗಳಿಂದ ಬಿಡಿಸಬಹುದು. ಹೇಗೆ ಎಂಬುದನ್ನು ಒಂದು ಲಾಟ್ ಇಟ್ಟುಕೊಂಡು ನೋಡೋಣ.

ನಾಲ್ಕು ಪಾಲು

ಮೊದಲು ನೆಲ್ಲಿನ ಹಾದಿ. ಜರಡಿಯಲ್ಲಿ ಕಸ, ಹುಲ್ಲು, ಜೊಳ್ಳು ಹೋಗುತ್ತವೆ; ಡಿಸ್ಟೋನರ್‌ನಲ್ಲಿ ಕಲ್ಲು ಬೇರೆಯಾಗುತ್ತದೆ. ಆಮೇಲೆ ಶೆಲ್ಲರ್. ಅದರಲ್ಲಿ ಎರಡು ರಬ್ಬರ್ ರೋಲುಗಳು ಎದುರುಬದುರಾಗಿ, ಒಂದು ಇನ್ನೊಂದಕ್ಕಿಂತ ವೇಗವಾಗಿ ತಿರುಗುತ್ತವೆ. ಈ ವೇಗದ ಅಂತರವೇ ಕಾಳಿನ ಮೇಲಿನ ಹೊಟ್ಟನ್ನು ಉಜ್ಜಿ ಬಿಡಿಸುತ್ತದೆ. ಹೊಟ್ಟು ಗಾಳಿಗೆ ಹಾರಿ ಬೇರೆಯಾಗುತ್ತದೆ, ಕಂದು ಬಣ್ಣದ ಅಕ್ಕಿ ಉಳಿಯುತ್ತದೆ. ಸಿಪ್ಪೆ ಬಿಡದ ನೆಲ್ಲನ್ನು ಸೆಪರೇಟರ್ ಆರಿಸಿ ಮತ್ತೆ ಶೆಲ್ಲರಿಗೆ ಕಳಿಸುತ್ತದೆ. ಕಂದು ಅಕ್ಕಿ ಪಾಲಿಷ್ ಯಂತ್ರಗಳಿಗೆ ಹೋದಾಗ ಮೇಲ್ಪದರ ತೌಡಾಗಿ ಜಾಲರಿಯಿಂದ ಕೆಳಗೆ ಬೀಳುತ್ತದೆ. ಕೊನೆಗೆ ಗ್ರೇಡರ್ ಇಡೀ ಕಾಳನ್ನೂ ನುಚ್ಚನ್ನೂ ಬೇರ್ಪಡಿಸುತ್ತದೆ.

ಸೋನಾ ಮಸೂರಿಯಂಥ ಸಣ್ಣ ಕಾಳಿನ ನೆಲ್ಲು ಚೆನ್ನಾಗಿ ಒಣಗಿ, ತೇವಾಂಶ ಶೇ. 14ರಷ್ಟಿದ್ದಾಗ ನಮ್ಮ ಉದಾಹರಣೆಯ ಮಿಲ್ಲು ಹಾಕಿಕೊಂಡಿರುವ ಅಂದಾಜು ಹೀಗಿದೆ ಎಂದಿಟ್ಟುಕೊಳ್ಳೋಣ: 100 ಕ್ವಿಂಟಲ್ ನೆಲ್ಲಿಗೆ ಇಡೀ ಅಕ್ಕಿ 57, ನುಚ್ಚು 10, ತೌಡು 8, ಹೊಟ್ಟು 22, ಕಸ-ಧೂಳು-ಹಾರಿಹೋದದ್ದು 3. ಎಲ್ಲ ಸೇರಿ 100. ಇಡೀ ಅಕ್ಕಿಯನ್ನೂ ನುಚ್ಚನ್ನೂ ಕೂಡಿಸಿದರೆ 67. ತಳಿ, ಊರು, ಯಂತ್ರ ಬದಲಾದಂತೆ ಈ ಅಂಕಿಗಳೂ ಬದಲಾಗುತ್ತವೆ. ಹಾಗಾಗಿ ಪ್ರತಿ ಮಿಲ್ಲೂ ತನ್ನ ಹಿಂದಿನ ಲಾಟುಗಳಿಂದ ತನ್ನದೇ ಅಂದಾಜು ಕಟ್ಟಿಕೊಳ್ಳಬೇಕು. ನೆರೆಮನೆಯ ಮಿಲ್ಲಿನ ಅಂಕಿ ತಂದು ಗೋಡೆಗೆ ಅಂಟಿಸಿಕೊಂಡರೆ ಪ್ರಯೋಜನವಿಲ್ಲ.

ಲೆಕ್ಕದ ಅನುಕೂಲಕ್ಕೆ ದರಗಳನ್ನೂ ಇಟ್ಟುಕೊಳ್ಳೋಣ. ಕ್ವಿಂಟಲಿಗೆ ಇಡೀ ಅಕ್ಕಿ 4,800 ರೂಪಾಯಿ, ನುಚ್ಚು 2,400, ತೌಡು 2,200, ಹೊಟ್ಟು 400. ಆಗ 100 ಕ್ವಿಂಟಲ್ ಒಣ ನೆಲ್ಲಿನಿಂದ 3,24,000 ರೂಪಾಯಿಯ ಮಾಲು ಬರಬೇಕು. ಒಣ ನೆಲ್ಲನ್ನು ಕ್ವಿಂಟಲಿಗೆ 2,900ರಂತೆ ಕೊಂಡಿದ್ದರೆ ಕೈಯಲ್ಲಿ ಉಳಿಯುವುದು 34,000. ಕರೆಂಟು, ಹಮಾಲಿ, ಖಾಲಿ ಚೀಲ, ಬ್ಯಾಂಕಿನ ಬಡ್ಡಿ, ರಿಪೇರಿ ಎಲ್ಲವೂ ಇದರೊಳಗೇ ಆಗಬೇಕು. ಇಷ್ಟು ಕಿರಿದಾದ ಅಂಚಿನಲ್ಲಿ ನಡೆಯುವ ದಂಧೆಗೆ ಇಡೀ ಅಕ್ಕಿಯಲ್ಲಿ ಎರಡು-ಮೂರು ಶೇಕಡಾ ಇಳಿದರೂ ದೊಡ್ಡ ಪೆಟ್ಟು.

ಒಂದು ಲಾಟಿನ ಕಥೆ

ಈಗ ನಮ್ಮ ಲಾಟು. 75 ಕೆ.ಜಿ.ಯ 400 ಚೀಲ, ಅಂದರೆ 300 ಕ್ವಿಂಟಲ್. ಅಂದಾಜಿನ ಪ್ರಕಾರ 171 ಕ್ವಿಂಟಲ್ ಇಡೀ ಅಕ್ಕಿ ಬರಬೇಕಿತ್ತು, ಬಂದದ್ದು 156. ನುಚ್ಚು 36, ತೌಡು 26, ಹೊಟ್ಟು 63.5, ಕಸ-ಧೂಳು ಇತ್ಯಾದಿ 8. ಮಾಲಿನ ಮೌಲ್ಯ 9,72,000 ಆಗಬೇಕಿದ್ದ ಕಡೆ 9,17,800 ಆಯಿತು. 54,200 ರೂಪಾಯಿ ಕಡಿಮೆ. ಇಡೀ ಅಕ್ಕಿಯಲ್ಲಿ 15 ಕ್ವಿಂಟಲ್ ಖೋತಾ.

ಇಲ್ಲಿಗೆ ನಿಲ್ಲಿಸಿದರೆ ಆಪರೇಟರ್‌ಗೆ ಬೈಗುಳ ಗ್ಯಾರಂಟಿ. ಆದರೆ ಬಂದ ಮಾಲನ್ನೆಲ್ಲ ಕೂಡಿಸಿ ನೋಡಿ: 156, 36, 26, 63.5, 8. ಒಟ್ಟು 289.5. ಒಳಗೆ ಹೋದದ್ದು 300. ಹತ್ತೂವರೆ ಕ್ವಿಂಟಲ್ ಯಾವ ಚೀಲದಲ್ಲೂ ಇಲ್ಲ. ಕಳ್ಳತನವೇ? ಉತ್ತರ ತೇವಾಂಶದ ಮೀಟರಿನಲ್ಲಿದೆ. ವೇ ಬ್ರಿಡ್ಜ್ ಮೇಲೆ ತೂಗಿದ ದಿನ ಈ ನೆಲ್ಲಿನ ತೇವಾಂಶ ಶೇ. 17 ಇತ್ತು. ಒಣಗಿಸಿ ಮಿಲ್ಲಿಗೆ ಹಾಕುವಾಗ ಶೇ. 14ಕ್ಕೆ ಇಳಿದಿತ್ತು.

ಬಹಳ ಕಡೆ ಇಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಹದಿನೇಳರಲ್ಲಿ ಹದಿನಾಲ್ಕು ಕಳೆದರೆ ಮೂರು, ಹಾಗಾಗಿ 300ಕ್ಕೆ 9 ಕ್ವಿಂಟಲ್ ನೀರು ಹೋಯಿತು ಎಂದು ಬರೆದುಬಿಡುತ್ತಾರೆ. ಆದರೆ ಒಣಗುವಾಗ ಬದಲಾಗದೆ ಉಳಿಯುವುದು ಕಾಳಿನ ಒಣ ಭಾಗ ಮಾತ್ರ. ಅದನ್ನು ಹಿಡಿದು ಲೆಕ್ಕ ಮಾಡಬೇಕು. ತೇವಾಂಶ 17 ಇದ್ದಾಗ ಒಣ ಭಾಗ 83, 14 ಇದ್ದಾಗ 86. ಆದ್ದರಿಂದ 300 × 83 ÷ 86 = 289.5 ಕ್ವಿಂಟಲ್. ಹೋದ ನೀರು ಹತ್ತೂವರೆ ಕ್ವಿಂಟಲ್. ಒಂಬತ್ತು ಎಂದು ಬರೆದುಕೊಂಡ ಮಿಲ್ಲಿನಲ್ಲಿ ಉಳಿದ ಒಂದೂವರೆ ಕ್ವಿಂಟಲಿಗೆ ಯಾರೋ ಒಬ್ಬರು ಸುಮ್ಮನೆ ಕಳ್ಳರಾಗುತ್ತಾರೆ.

ಅಂದರೆ ಮಿಲ್ಲಿಗೆ ನಿಜವಾಗಿ ಹೋದ ನೆಲ್ಲು 289.5 ಕ್ವಿಂಟಲ್. ಅದಕ್ಕೆ ಅಂದಾಜು ಹಾಕಿದರೆ ಬರಬೇಕಿದ್ದ ಇಡೀ ಅಕ್ಕಿ 165 ಕ್ವಿಂಟಲ್, ಮಾಲಿನ ಮೌಲ್ಯ ಸುಮಾರು 9,38,000. ಹೀಗೆ 15 ಕ್ವಿಂಟಲಿನ ಖೋತಾದಲ್ಲಿ 6 ಕ್ವಿಂಟಲ್ ನೀರಿನ ಲೆಕ್ಕಕ್ಕೆ ಹೋಯಿತು, 9 ಕ್ವಿಂಟಲ್ ಉಳಿಯಿತು. ರೂಪಾಯಿಯಲ್ಲಿ 54,200ರ ಪೈಕಿ 34,000 ನೀರಿನದು, 20,200 ಉಳಿದದ್ದು. ಮಿಲ್ಲಿನ ಒಳಗೆ ಹುಡುಕಬೇಕಾದದ್ದು ಈ 20,200ರ ಕಾರಣವನ್ನು.

ಈಗ ಇನ್ನೊಂದು ಅಂಕಿ ನೋಡಿ. ಇಡೀ ಅಕ್ಕಿ ಮತ್ತು ನುಚ್ಚು ಕೂಡಿಸಿದರೆ ಈ ಲಾಟಿನಲ್ಲಿ ಬಂದದ್ದು 192 ಕ್ವಿಂಟಲ್. ಒಣ ನೆಲ್ಲಿನ ಮೇಲೆ ಲೆಕ್ಕ ಹಾಕಿದರೆ ಶೇ. 66.3. ಅಂದಾಜು 67 ಇತ್ತು. ಮುಕ್ಕಾಲು ಶೇಕಡಾ ಕೂಡ ಕಡಿಮೆಯಾಗಿಲ್ಲ! ಒಟ್ಟು ಅಕ್ಕಿಯ ಶೇಕಡಾ ಒಂದನ್ನೇ ಬರೆದಿಡುವ ಮಿಲ್ಲಿನಲ್ಲಿ ಈ ಲಾಟಿಗೆ "ಪರವಾಗಿಲ್ಲ" ಎಂಬ ಷರಾ ಬೀಳುತ್ತಿತ್ತು. ಆದರೆ ಇಡೀ ಅಕ್ಕಿ 57ರಿಂದ 53.9ಕ್ಕೆ ಇಳಿದಿದೆ. ಒಟ್ಟು ತೂಕ ಹೆಚ್ಚು ಕಡಿಮೆ ಅಷ್ಟೇ ಇದೆ, ದುಬಾರಿ ರಾಶಿಯಿಂದ ಅಗ್ಗದ ರಾಶಿಗೆ ಮಾಲು ಜಾರಿದೆ. ಇಳುವರಿ ವ್ಯತ್ಯಾಸದ ಹೆಚ್ಚಿನ ದುಡ್ಡು ಹೋಗುವುದು ಹೀಗೆ ಜಾರುವುದರಲ್ಲಿ.

ಎಲ್ಲಿಗೆ ಜಾರಿತು? ನುಚ್ಚು 29 ಕ್ವಿಂಟಲ್ ಬರಬೇಕಿತ್ತು, 36 ಬಂತು. ಕ್ವಿಂಟಲಿಗೆ 2,400 ರೂಪಾಯಿ ಇಳಿಕೆಯಂತೆ ಇಲ್ಲಿ ಹೋದದ್ದು ಸುಮಾರು 16,900. ತೌಡು 23 ಕ್ವಿಂಟಲಿನ ಬದಲು 26 ಬಂತು. ಅಕ್ಕಿಯಾಗಬೇಕಿದ್ದದ್ದು ತೌಡಾದ ಲೆಕ್ಕದಲ್ಲಿ ಸುಮಾರು 7,400. ಎರಡೂ ಸೇರಿ 24,300. ಈ ನೆಲ್ಲಿನಲ್ಲಿ ಕಸವೂ ಹೊಟ್ಟೂ ಅಂದಾಜಿಗಿಂತ ಸ್ವಲ್ಪ ಕಡಿಮೆ ಇದ್ದುದರಿಂದ 4,100 ವಾಪಸ್ ಸಿಕ್ಕಿತು. ಉಳಿದದ್ದು 20,200. ಈಗ ಪ್ರಶ್ನೆ ಚಿಕ್ಕದಾಯಿತು: ನುಚ್ಚು ಏಕೆ ಹೆಚ್ಚಾಯಿತು, ತೌಡು ಏಕೆ ಹೆಚ್ಚಾಯಿತು?

ನುಚ್ಚು ಹುಟ್ಟುವುದು ಎಲ್ಲಿ?

ನುಚ್ಚು ಮಿಲ್ಲಿನಲ್ಲಿ ಕಾಣಿಸುತ್ತದೆ, ಆದರೆ ಅದರಲ್ಲಿ ದೊಡ್ಡ ಪಾಲು ಹೊಲದಲ್ಲಿ ಅಥವಾ ಕಣದಲ್ಲೇ ಹುಟ್ಟಿರುತ್ತದೆ. ಹೊಟ್ಟಿನೊಳಗಿನ ಕಾಳಿಗೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕು ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ನೆಲ್ಲು ಬಂಗಾರದಂತೆ ಹೊಳೆಯುತ್ತಿರುತ್ತದೆ. ರೋಲಿಗೆ ಸಿಕ್ಕ ಕೂಡಲೇ, ಇಲ್ಲವೇ ಪಾಲಿಷ್‌ನಲ್ಲಿ, ಆ ಬಿರುಕಿನ ಜಾಗದಲ್ಲಿ ಕಾಳು ಎರಡಾಗುತ್ತದೆ.

ಬಿಸಿಲಿಗೆ ಒಣಗಿದ್ದಕ್ಕೇ ಬಿರುಕು ಬೀಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಅರ್ಧ ನಿಜ. ಬಿರುಕಿಗೆ ಮುಖ್ಯ ಕಾರಣ ಒಣಗಿದ ಕಾಳು ಮತ್ತೆ ನೀರು ಕುಡಿಯುವುದು. ಹಗಲು ಚೆನ್ನಾಗಿ ಒಣಗಿದ ಕಾಳಿನ ಮೇಲೆ ರಾತ್ರಿ ಇಬ್ಬನಿ ಬಿದ್ದರೆ ಮೇಲ್ಪದರ ನೀರು ಹೀರಿ ಉಬ್ಬುತ್ತದೆ, ಒಳಗಿನ ಭಾಗ ಒಣಗಿಯೇ ಇರುತ್ತದೆ. ಉಬ್ಬುವ ಹೊರಪದರ ಒಳಭಾಗವನ್ನು ಎಳೆಯುತ್ತದೆ, ಕಾಳು ನಡುವೆ ಸೀಳುತ್ತದೆ. ಕೊಯ್ಲು ತಡವಾಗಿ ಕಾಳು ಗಿಡದಲ್ಲೇ ಪೂರ್ತಿ ಒಣಗಿದಾಗ, ಕಣದ ರಾಶಿಗೆ ತಾಡಪಾಲು ಹೊದಿಸದೆ ಬಿಟ್ಟಾಗ, ಒಣ ನೆಲ್ಲಿನ ಜೊತೆ ಹಸಿ ನೆಲ್ಲು ಬೆರೆಸಿದಾಗ ಆಗುವುದು ಇದೇ. ಹಸಿ ನೆಲ್ಲಿನ ತೇವ ಒಣ ನೆಲ್ಲಿಗೆ ಹೋಗುತ್ತದೆ, ಒಣ ಕಾಳು ಬಿರಿಯುತ್ತದೆ. ಎರಡು ಹೊಲದ ನೆಲ್ಲನ್ನು ಕೂಡಿಸಿ ಮೀಟರಿನಲ್ಲಿ ಸರಾಸರಿ 17 ತೋರಿಸಿದರೂ ಅದರಲ್ಲಿ ಅರ್ಧ 20ರದ್ದು, ಅರ್ಧ 14ರದ್ದು ಇರಬಹುದು. ಸರಾಸರಿ ಅಂಕಿ ಈ ಅಪಾಯವನ್ನು ಮುಚ್ಚಿಡುತ್ತದೆ. ಹಾಗಾಗಿ ಒಂದೇ ಕಡೆ ಮೀಟರ್ ಹಿಡಿಯದೆ ಬೇರೆ ಬೇರೆ ಚೀಲಕ್ಕೆ ಬಂಬು ಹಾಕಿ ನೋಡಬೇಕು.

ಇನ್ನೊಂದು ಕಾರಣ ಅವಸರದ ಒಣಗಿಸುವಿಕೆ. ಯಂತ್ರ ಕೊಯ್ಲಿನ ನೆಲ್ಲು ಹಸಿಯಾಗಿಯೇ ಬರುತ್ತದೆ. ರಸ್ತೆಯ ಡಾಂಬರಿನ ಮೇಲೆ ತೆಳುವಾಗಿ ಹರಡಿ ಒಂದೇ ಬಿಸಿಲಿಗೆ ಒಣಗಿಸಿದರೆ ಹೊರಗೆ ಒಣಗಿ ಒಳಗೆ ತೇವ ಉಳಿಯುತ್ತದೆ. ಆಮೇಲೆ ಒಳಗಿನ ತೇವ ಹೊರಗೆ ಹರಡುವಾಗ ಕಾಳು ಬಿರಿಯುತ್ತದೆ. ಡ್ರೈಯರ್‌ನಲ್ಲಿ ಒಣಗಿಸುವವರು ಒಂದಷ್ಟು ತೇವ ತೆಗೆದು, ಕೆಲವು ಗಂಟೆ ರಾಶಿ ಹಾಕಿ ತಣಿಯಲು ಬಿಟ್ಟು, ಮತ್ತೆ ಒಣಗಿಸುವುದು ಇದೇ ಕಾರಣಕ್ಕೆ. ಒಣಗಿಸಿದ ದಿನವೇ ಮಿಲ್ಲಿಗೆ ಹಾಕಬಾರದು ಎಂಬ ಹಳೆಯ ಮಿಲ್ಲಿನವರ ಮಾತಿನ ಹಿಂದಿರುವುದೂ ಇದೇ.

ನಮ್ಮ ಲಾಟಿನ ನುಚ್ಚು ನೆಲ್ಲಿನದೋ ಮಷೀನಿನದೋ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಮೊದಲನೆಯದಕ್ಕೆ ಖರ್ಚೇ ಇಲ್ಲ. ಮಿಲ್ಲಿಗೆ ಹಾಕುವ ಮುಂಚಿನ ನೆಲ್ಲಿನಿಂದ 100 ಕಾಳು ತೆಗೆದು ಕೈಯಲ್ಲೇ ಸಿಪ್ಪೆ ಬಿಡಿಸಿ, ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಲೆ ಹರಡಿ ನೋಡುವುದು. ಬಿರುಕು ಬಿಟ್ಟ ಕಾಳಿನಲ್ಲಿ ಕಪ್ಪು ಅಡ್ಡಗೆರೆ ಎದ್ದು ಕಾಣುತ್ತದೆ. ಈ ಮಿಲ್ಲಿನ ಒಳ್ಳೆಯ ಲಾಟಿನಲ್ಲಿ ಅಂಥವು ಐದಾರು ಸಿಗುತ್ತಿದ್ದರೆ, ಈ ಲಾಟಿನಲ್ಲಿ 14 ಸಿಕ್ಕವು ಎಂದಿಟ್ಟುಕೊಳ್ಳಿ. ಬಿರುಕು ಬಿಟ್ಟ ಕಾಳೆಲ್ಲ ಒಡೆಯುವುದಿಲ್ಲ, ಆದರೆ ನೆಲ್ಲಿನಲ್ಲಿ ಐಬಿದೆ ಎಂಬುದು ಖಾತ್ರಿಯಾಯಿತು.

ಎಷ್ಟು ಐಬು ಎಂದು ಹೇಳುವುದು ಎರಡನೆಯ ಪರೀಕ್ಷೆ. ಕೋಣೆಯ ಮೂಲೆಯಲ್ಲಿ ಇಟ್ಟುಕೊಳ್ಳುವಂಥ ಪುಟ್ಟ ಸ್ಯಾಂಪಲ್ ಶೆಲ್ಲರ್ ಮತ್ತು ಪಾಲಿಷರ್‌ನಲ್ಲಿ ಸ್ವಲ್ಪ ನೆಲ್ಲು ಹಾಕಿ ತೆಗೆದು, ಇಡೀ ಅಕ್ಕಿ ಎಷ್ಟೆಂದು ತೂಗುವುದು. ಪುಟ್ಟ ಯಂತ್ರದಲ್ಲಿ ಸಾಮಾನ್ಯವಾಗಿ ದೊಡ್ಡ ಮಿಲ್ಲಿಗಿಂತ ಸ್ವಲ್ಪ ಹೆಚ್ಚೇ ಬರುತ್ತದೆ, ಏಕೆಂದರೆ ಕಾಳು ಅಲ್ಲಿ ಎಲಿವೇಟರ್ ಹತ್ತಿ ಇಳಿಯುವುದಿಲ್ಲ. ಆದ್ದರಿಂದ ಅದರ ಅಂಕಿಯನ್ನು ನೇರವಾಗಿ ಮಿಲ್ಲಿನ ಅಂಕಿಗೆ ಹೋಲಿಸಬಾರದು. ಹಿಂದಿನ ಲಾಟುಗಳ ಸ್ಯಾಂಪಲ್ ಅಂಕಿಗೆ ಹೋಲಿಸಬೇಕು. ಮಿಲ್ಲಿನಲ್ಲಿ 57 ಕೊಡುತ್ತಿದ್ದ ಲಾಟುಗಳು ಸ್ಯಾಂಪಲ್‌ನಲ್ಲಿ 59 ಕೊಡುತ್ತಿದ್ದವು, ಈ ಲಾಟು 57.5 ಕೊಟ್ಟಿತು ಎನ್ನೋಣ. ಒಂದೂವರೆ ಶೇಕಡಾ ನೆಲ್ಲಿನಲ್ಲೇ ಇಲ್ಲ. ಹಾಗಾದರೆ ಮಿಲ್ಲಿನಿಂದ ಈ ಲಾಟಿಗೆ 55.5ರಂತೆ ನಿರೀಕ್ಷಿಸಬೇಕಾದದ್ದು 160.7 ಕ್ವಿಂಟಲ್. ಬಂದದ್ದು 156. ಒಂಬತ್ತು ಕ್ವಿಂಟಲ್ ಖೋತಾದಲ್ಲಿ 4.3 ನೆಲ್ಲಿನದು, 4.7 ಮಷೀನಿನದು. ಆಪರೇಟರ್ ಹೇಳಿದ್ದು ಅರ್ಧ ಸರಿ, ಖರೀದಿಯವನು ಹೇಳಿದ್ದು ಇನ್ನರ್ಧ ಸರಿ.

ಮಷೀನಿನ ಪಾಲು

ಮಷೀನಿನಲ್ಲಿ ಎಲ್ಲಿ ಎಂದು ತಿಳಿಯಲು ಪ್ರತಿ ಹಂತದ ಬಾಯಲ್ಲಿ ಒಂದೊಂದು ಹಿಡಿ ತೆಗೆಯಬೇಕು. ಶೆಲ್ಲರಿನಿಂದ ಬಿದ್ದ ಕಂದು ಅಕ್ಕಿಯಲ್ಲಿ ಒಡೆದ ಕಾಳು ಎಷ್ಟು? ಪ್ರತಿ ಪಾಲಿಷ್ ದಾಟಿದ ಮೇಲೆ ಎಷ್ಟು? ಅಂಕಿ ಎಲ್ಲಿ ಜಿಗಿಯುತ್ತದೋ ಅಲ್ಲೇ ರೋಗ.

ಶೆಲ್ಲರಿನಲ್ಲಿ ಜಿಗಿದರೆ ಸಾಮಾನ್ಯ ಕಾರಣ ರೋಲುಗಳನ್ನು ಅತಿಯಾಗಿ ಬಿಗಿ ಮಾಡಿರುವುದು. ಒಂದೇ ಸಲಕ್ಕೆ ಎಲ್ಲ ನೆಲ್ಲಿನ ಸಿಪ್ಪೆ ಬಿಡಿಸಬೇಕೆಂದು ಹಟ ಹಿಡಿದರೆ ಕಾಳು ಒಡೆಯುತ್ತದೆ. ನೂರರಲ್ಲಿ 85-90 ಕಾಳು ಬಿಟ್ಟರೆ ಸಾಕು, ಉಳಿದದ್ದು ಸೆಪರೇಟರ್ ಮೂಲಕ ಮತ್ತೆ ಬರುತ್ತದೆ. ರಬ್ಬರ್ ಸವೆಯುತ್ತ ಬಂದಂತೆ ಸಿಪ್ಪೆ ಬಿಡುವುದು ಕಡಿಮೆಯಾಗುತ್ತದೆ, ಆಪರೇಟರ್ ಬಿಗಿ ಮಾಡುತ್ತಾನೆ, ನುಚ್ಚು ಏರುತ್ತದೆ. ವೇಗದ ರೋಲು ಬೇಗ ಸವೆಯುವುದರಿಂದ ಎರಡನ್ನೂ ಅದಲು ಬದಲು ಮಾಡುತ್ತಿರಬೇಕು. ರೋಲು ಬದಲಿಸಿದ ದಿನಾಂಕವನ್ನೂ ದಿನದಿನದ ನುಚ್ಚಿನ ಶೇಕಡಾವನ್ನೂ ಒಂದೇ ಪುಟದಲ್ಲಿ ಬರೆದಿಟ್ಟರೆ ರೋಲಿನ ಕೊನೆಯ ದಿನಗಳಲ್ಲಿ ನುಚ್ಚು ಏರುವುದು ತಾನಾಗಿ ಕಾಣುತ್ತದೆ. ಆಗ ರೋಲು ಇನ್ನೆರಡು ದಿನ ಓಡಿಸಿ ಉಳಿಸಿದ ದುಡ್ಡಿಗಿಂತ ನುಚ್ಚಾಗಿ ಹೋದ ದುಡ್ಡು ಹೆಚ್ಚೋ ಕಡಿಮೆಯೋ ಎಂದು ತೂಗಿ ನೋಡಬಹುದು.

ಪಾಲಿಷ್‌ನಲ್ಲಿ ಜಿಗಿದರೆ ಒತ್ತಡ ಹೆಚ್ಚಾಗಿದೆ, ಅಕ್ಕಿ ಬಿಸಿಯಾಗುತ್ತಿದೆ, ಇಲ್ಲವೇ ಎಮರಿ ಕಲ್ಲು ಸವೆದಿದೆ. ತೌಡು ಹೆಚ್ಚಾಗುವುದೂ ಇಲ್ಲೇ. ಆದರೆ ಹೆಚ್ಚಿನ ತೌಡೆಲ್ಲ ತೌಡೇ ಎಂದು ನಂಬಬೇಡಿ. ಪಾಲಿಷರ್‌ನ ಜಾಲರಿ ಹರಿದಿದ್ದರೆ ಸಣ್ಣ ನುಚ್ಚು ತೌಡಿನ ಚೀಲಕ್ಕೆ ಇಳಿಯುತ್ತದೆ. ಒಂದು ಕೆ.ಜಿ. ತೌಡನ್ನು ಸಣ್ಣ ಜರಡಿಯಲ್ಲಿ ಆಡಿಸಿದರೆ ಗೊತ್ತಾಗುತ್ತದೆ. ನಮ್ಮ ಲಾಟಿನಲ್ಲಿ ಕೆ.ಜಿ.ಗೆ 40 ಗ್ರಾಂ ನುಚ್ಚು ಸಿಕ್ಕಿತೆಂದರೆ 26 ಕ್ವಿಂಟಲ್ ತೌಡಿನಲ್ಲಿ ಸುಮಾರು ಒಂದು ಕ್ವಿಂಟಲ್ ಅಕ್ಕಿಯೇ ಇದೆ. ಹೆಚ್ಚಾಗಿ ಬಂದ ಸುಮಾರು ಮೂರು ಕ್ವಿಂಟಲಿನಲ್ಲಿ ಒಂದಕ್ಕೆ ಜಾಲರಿ ಹೊಣೆ, ಉಳಿದದ್ದು ಅತಿ ಪಾಲಿಷ್. ಮೊದಲನೆಯದಕ್ಕೆ ಜಾಲರಿ ಬದಲಿಸಿದರೆ ಆಯಿತು. ಎರಡನೆಯದು ಮಾರಾಟದ ಪ್ರಶ್ನೆ. ಹೆಚ್ಚು ಬಿಳಿ ಅಕ್ಕಿಗೆ ಗಿರಾಕಿ ಹೆಚ್ಚು ದರ ಕೊಟ್ಟರೆ ಅದು ನಷ್ಟವಲ್ಲ. ಕೊಡದಿದ್ದರೆ ಸುಮ್ಮನೆ ಅಕ್ಕಿ ಉಜ್ಜಿ ತೌಡಿಗೆ ಸೇರಿಸಿದಂತೆ.

ಇಷ್ಟೆಲ್ಲ ಹುಡುಕುವ ಮುಂಚೆ ಇನ್ನೊಂದನ್ನು ಖಚಿತ ಮಾಡಿಕೊಳ್ಳಬೇಕು. ಲಾಟು ಮುಗಿದಾಗ ಬಿನ್‌ಗಳಲ್ಲಿ, ಎಲಿವೇಟರ್ ಗುಂಡಿಯಲ್ಲಿ ಮಾಲು ಉಳಿದಿರುತ್ತದೆ. ಅದನ್ನು ಖಾಲಿ ಮಾಡದೆ ಮುಂದಿನ ಲಾಟು ಹಾಕಿದರೆ ಈ ಲಾಟಿನಲ್ಲಿ ಕಡಿಮೆ, ಮುಂದಿನದರಲ್ಲಿ ಹೆಚ್ಚು ತೋರಿಸುತ್ತದೆ. ಒಂದು ಲಾಟು ನಷ್ಟ, ಮರುಲಾಟು ಅಷ್ಟೇ ಲಾಭ ಎಂದು ಪುಸ್ತಕದಲ್ಲಿ ಕಂಡರೆ ಕಾರಣ ನೆಲ್ಲಿನಲ್ಲೂ ಇಲ್ಲ, ರೋಲಿನಲ್ಲೂ ಇಲ್ಲ, ಅಳೆಯುವ ರೀತಿಯಲ್ಲಿದೆ.

ನೀರಿನ ದುಡ್ಡು ಯಾರದು?

ಬದಿಗಿಟ್ಟ 34,000ಕ್ಕೆ ಬರೋಣ. ಅದು ಮಿಲ್ಲಿನ ತಪ್ಪಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ನೆಲ್ಲು ಕೊಂಡ ದರದ ಜೊತೆ ಸೇರಿಸಿ ನೋಡಬೇಕು. ಒಣ ನೆಲ್ಲಿನ ದರ ಕ್ವಿಂಟಲಿಗೆ 2,900 ಇದ್ದಾಗ ಈ ಹಸಿ ನೆಲ್ಲನ್ನು 2,800ಕ್ಕೆ ಕೊಂಡಿದ್ದರು ಎನ್ನಿ. 300 ಕ್ವಿಂಟಲಿಗೆ 30,000 ಉಳಿಯಿತು, ನೀರಾಗಿ 34,000 ಹೋಯಿತು. ಖರೀದಿಯಲ್ಲಿ ಆದ ನಷ್ಟ 4,000 ಮಾತ್ರ. ದರ ಇಳಿಸಿ ಕೊಂಡದ್ದನ್ನು ಖರೀದಿಯವನ ಜಾಣತನವೆಂದೂ, ನೀರು ಹೋದದ್ದನ್ನು ಮಿಲ್ಲಿನ ನಷ್ಟವೆಂದೂ ಬೇರೆ ಬೇರೆ ಬರೆದರೆ ಇಬ್ಬರಿಗೂ ಅನ್ಯಾಯ. ಆದರೆ ಆ ನೆಲ್ಲು ಬಿರುಕು ಬಿಟ್ಟದ್ದಾಗಿದ್ದರೆ 100 ರೂಪಾಯಿ ಇಳಿಸಿ ಕೊಂಡದ್ದೂ ದುಬಾರಿಯೇ. ತೇವಾಂಶಕ್ಕೆ ದರ ಕಡಿತ ಮಾಡುವ ಪದ್ಧತಿ ಎಲ್ಲೆಡೆ ಇದೆ, ಬಿರುಕು ನೋಡಿ ದರ ಹೇಳುವ ಪದ್ಧತಿ ಅಪರೂಪ. ಚೆನ್ನಾಗಿ ಒಣಗಿಸಿದ ರೈತನಿಗೆ ಅದರ ಫಲ ಸಿಗದಿರುವುದು ಇದರಿಂದಲೇ.

ಸರ್ಕಾರಕ್ಕೆ ಅಕ್ಕಿ ಮಾಡಿಕೊಡುವ ಮಿಲ್ಲುಗಳ ಲೆಕ್ಕ ಇನ್ನೊಂದು ಬಗೆ. ಬೆಂಬಲ ಬೆಲೆಯಲ್ಲಿ ಕೊಂಡ ಭತ್ತವನ್ನು ಮಿಲ್ಲಿಗೆ ಕೊಟ್ಟಾಗ 100 ಕೆ.ಜಿ.ಗೆ 67 ಕೆ.ಜಿ. ಬೆಳ್ತಿಗೆ ಅಕ್ಕಿ, ಇಲ್ಲವೇ 68 ಕೆ.ಜಿ. ಕುಸುಬಲಕ್ಕಿ ಮರಳಿಸಬೇಕು. ಭತ್ತದಲ್ಲಿ ಶೇ. 17ರವರೆಗೆ ತೇವಾಂಶ ಒಪ್ಪುತ್ತಾರೆ. ಬೆಳ್ತಿಗೆ ಅಕ್ಕಿಯಲ್ಲಿ ಶೇ. 25ರವರೆಗೆ, ಕುಸುಬಲಕ್ಕಿಯಲ್ಲಿ ಶೇ. 16ರವರೆಗೆ ನುಚ್ಚು ಇರಬಹುದು ಎಂಬುದು ಬಹುಕಾಲದಿಂದ ನಡೆದುಬಂದ ಮಾನದಂಡ. ಅಲ್ಲಿ ಒಟ್ಟು ತೂಕವೇ ಮುಖ್ಯ; ನುಚ್ಚು ಮಿತಿಯೊಳಗಿದ್ದರೆ ಚಿಂತೆಯಿಲ್ಲ. ಬಾಜಾರಿಗೆ ಸೋನಾ ಮಸೂರಿ ಚೀಲ ತುಂಬುವ ಮಿಲ್ಲಿಗೆ ಇಡೀ ಕಾಳೇ ಮುಖ್ಯ. ಒಂದೇ ಮಿಲ್ಲು ಎರಡೂ ಕೆಲಸ ಮಾಡುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಅಂದಾಜು ಇಡಬೇಕು.

ಕುಸುಬಲಕ್ಕಿಯ ಮಿತಿ ಬಿಗಿಯಾಗಿರುವುದಕ್ಕೆ ಕಾರಣವಿದೆ. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸಿದಾಗ ಕಾಳಿನೊಳಗಿನ ಪಿಷ್ಟ ಉಬ್ಬಿ, ಅಂಟಿಕೊಂಡು, ಬಿರುಕನ್ನು ಬೆಸೆಯುತ್ತದೆ. ಒಣಗಿದ ಮೇಲೆ ಕಾಳು ಗಟ್ಟಿಯಾಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಬಿಸಿನೀರಿನಲ್ಲಿ ನೆನೆಸುವ ವಿಧಾನವನ್ನು ರೂಪಿಸಿ ಮಿಲ್ಲುಗಳಿಗೆ ತಲುಪಿಸಿತು. ದಿನಗಟ್ಟಲೆ ತಣ್ಣೀರಿನಲ್ಲಿ ನೆನೆಸಿ ವಾಸನೆ ಬರಿಸಿಕೊಳ್ಳುವುದು ಅದರಿಂದ ತಪ್ಪಿತು. ಬೇಸಿಗೆ ಬೆಳೆಯ ಭತ್ತ ಕೊಯ್ಲಿನ ಹೊತ್ತಿನ ಸುಡುಬಿಸಿಲಿಗೆ ಹೆಚ್ಚು ಬಿರಿಯುವುದರಿಂದ ತೆಲಂಗಾಣದಲ್ಲಿ ಅದನ್ನು ಕುಸುಬಲಕ್ಕಿ ಮಾಡುವ ರೂಢಿ. 2021-22ರಲ್ಲಿ ಕೇಂದ್ರ ಸರ್ಕಾರ ಇನ್ನು ಕುಸುಬಲಕ್ಕಿ ಬೇಡ, ಬೆಳ್ತಿಗೆಯನ್ನೇ ಕೊಡಿ ಎಂದಾಗ ತೆಲಂಗಾಣ ಸರ್ಕಾರ ಹಿಂಗಾರಿನ ಭತ್ತ ಬೆಳ್ತಿಗೆ ಮಾಡಿದರೆ ನುಚ್ಚಾಗುತ್ತದೆ ಎಂದು ವಾದಿಸಿತು. ಜಗಳ ದೆಹಲಿಯವರೆಗೂ ಹೋಯಿತು. ಕಾಳಿನೊಳಗಿನ ಬಿರುಕು ಅಂದು ರಾಜಕೀಯದ ವಿಷಯವಾಗಿತ್ತು.

ನಮ್ಮ 400 ಚೀಲಕ್ಕೆ ತೀರ್ಪು ಹೀಗಿದೆ. ಮೊದಲ ನೋಟಕ್ಕೆ ಕಂಡ ನಷ್ಟ 54,200. ಕಡಿಮೆ ದರಕ್ಕೆ ಕೊಂಡದ್ದರಿಂದ ಉಳಿದ 30,000 ಕಳೆದರೆ ನಿಜವಾದ ನಷ್ಟ 24,200. ಅದರಲ್ಲಿ 4,000 ತೇವಾಂಶದ ಅಂದಾಜು ತಪ್ಪಿದ್ದಕ್ಕೆ, ಉಳಿದ 20,200 ಹೆಚ್ಚು ಕಡಿಮೆ ಅರ್ಧ ಬಿರುಕು ಬಿಟ್ಟ ನೆಲ್ಲಿಗೆ, ಅರ್ಧ ಮಷೀನಿಗೆ. ಮಷೀನಿನ ಪಾಲಿಗೆ ಮದ್ದು ರೋಲು ಸಡಿಲಿಸುವುದು, ಜಾಲರಿ ಬದಲಿಸುವುದು, ಪಾಲಿಷ್ ಇಳಿಸುವುದು. ಇವೆಲ್ಲ ಒಂದು ದಿನದ ಕೆಲಸ. ನೆಲ್ಲಿನ ಪಾಲಿಗೆ ಮದ್ದು ಖರೀದಿಯ ಮುಂಚೆಯೇ ಬಿರುಕು ಎಣಿಸುವುದು.

ಆದ್ದರಿಂದ ಮಿಲ್ಲು ನಡೆಸುವವರಿಗೆ ಹೇಳುವುದಿಷ್ಟು. ನೆಲ್ಲು ತೂಗಿದಾಗ ಒಮ್ಮೆ, ಮಿಲ್ಲಿಗೆ ಹಾಕುವಾಗ ಇನ್ನೊಮ್ಮೆ ತೂಕ ಮತ್ತು ತೇವಾಂಶ ಎರಡನ್ನೂ ಬರೆದುಕೊಳ್ಳಿ. ಇಡೀ ಅಕ್ಕಿಯನ್ನೂ ನುಚ್ಚನ್ನೂ ಎಂದೂ ಒಂದೇ ಅಂಕಣದಲ್ಲಿ ಕೂಡಿಸಬೇಡಿ. ಪ್ರತಿ ಲಾಟಿನಿಂದ ಮಿಲ್ಲಿಗೆ ಹಾಕುವ ಮುಂಚಿನ ಒಂದು ಕೆ.ಜಿ. ನೆಲ್ಲನ್ನು ಡಬ್ಬಿಯಲ್ಲಿ ಮುಚ್ಚಿ, ಲಾಟು ನಂಬರ್ ಬರೆದು ತೆಗೆದಿಡಿ. ಇಳುವರಿ ಕಡಿಮೆಯಾದ ದಿನ ಯಾರನ್ನಾದರೂ ಬೈಯುವ ಮುಂಚೆ ಆ ಡಬ್ಬಿ ತೆರೆದು ನೂರು ಕಾಳು ಸುಲಿದು ನೋಡಿ.